ಮೊದಲ ಹೆಸರಿನ ಮಹಾಶಯರಿಗೆ, ನಾಲ್ಕನೇ ಹೆಸರಿನವನಿಂದ

ಸನ್ಮಾನ್ಯ ಪ್ರಥಮ ಲೇಖಕರೇ,

ಸಾಷ್ಟಾಂಗ ನಮಸ್ಕಾರಗಳು. ಸೊಂಟ ಹಿಡಿದುಕೊಂಡಿರುವುದರಿಂದ ಕಾಗದದ ಮೇಲಷ್ಟೇ ಮಾಡುತ್ತಿದ್ದೇನೆ, ಮನ್ನಿಸಬೇಕು. ಸೊಂಟ ಹಿಡಿದದ್ದು ಒಂದು ವಿಶ್ವವಿದ್ಯಾಲಯದ ವರಾಂಡದ ಬೆಂಚಿನಿಂದ. ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದವರ ದಾಖಲೆ ಪರಿಶೀಲನೆಯಂತೆ. ಚಾಮರಾಜನಗರದಿಂದ ಮೊದಲ ಬಸ್ಸು ಹಿಡಿದು ಹೋದವನನ್ನು ಒಳಗೆ ಕರೆದದ್ದು ಸಾಯಂಕಾಲದ ಕಾಫಿ ಆದ ಮೇಲೆ. ಗುಮಾಸ್ತರು ನಮ್ಮ ಪ್ರಬಂಧದ ಮೊದಲ ಪುಟ ನೋಡಿದರು, ಬೆರಳಿಟ್ಟು ಹೆಸರು ಎಣಿಸಿದರು. “ನಿಮ್ದು ನಾಕ್ನೇ ಹೆಸ್ರು ಸಾರ್. ನಾಲ್ಕೂವರೆ.” ಅಷ್ಟೇ. ಎರಡು ವರ್ಷದ ಕೆಲಸಕ್ಕೆ ಎರಡು ಸೆಕೆಂಡು.

ತಮಗೆ ಈ ಲೆಕ್ಕ ಬಾಯಿಪಾಠ ಇರುತ್ತದೆ. ಓದುಗರಿಗಾಗಿ ಬಿಡಿಸುತ್ತೇನೆ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ವಿಜ್ಞಾನದ ಒಂದು ಪ್ರಬಂಧಕ್ಕೆ, ಅದು ಅಚ್ಚಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 1ರಿಂದ 2ರ ನಡುವೆ ಇದ್ದರೆ, 15 ಅಂಕ. ಇಬ್ಬರು ಬರೆದಿದ್ದರೆ ಇಬ್ಬರಿಗೂ ತಲಾ ಶೇಕಡ 70, ಅಂದರೆ 10.5. ಇಬ್ಬರಿಗಿಂತ ಹೆಚ್ಚು ಮಂದಿ ಇದ್ದರೆ ಮೊದಲನೆಯವರಿಗೆ, ಇಲ್ಲವೇ ಪ್ರಧಾನ ಲೇಖಕರಿಗೆ, ಇಲ್ಲವೇ ಪತ್ರವ್ಯವಹಾರದ ಲೇಖಕರಿಗೆ ಶೇಕಡ 70. ಉಳಿದವರಿಗೆ ತಲಾ 30, ಅಂದರೆ 4.5. ಹುದ್ದೆಗೆ ಬೇಕಾದ ಒಟ್ಟು ಅಂಕ 75. ನನಗೆ ಕಡಿಮೆ ಬಿದ್ದದ್ದು 5. ಮೊದಲ ಹೆಸರಿಗೂ ನಾಲ್ಕನೇ ಹೆಸರಿಗೂ ಇರುವ ಅಂತರ 6. ಈ ಕೂಡುವುದು ಕಳೆಯುವುದನ್ನು ನಾನು ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಮಾಡಿಕೊಂಡು ಬಂದೆ.

ಲೇಖಕರ ಪಟ್ಟಿಯ ಮಾತು ಬಂದಾಗ ಒಂದು ಕಥೆ ನೆನಪಾಗುತ್ತದೆ. 1975ರಲ್ಲಿ ಅಮೆರಿಕದ ಹೆದರಿಂಗ್‌ಟನ್ ಎಂಬ ಭೌತವಿಜ್ಞಾನಿ ಒಬ್ಬರೇ ಪ್ರಬಂಧ ಬರೆದು ಉದ್ದಕ್ಕೂ ‘ನಾವು’ ಎಂದು ಟೈಪಿಸಿಬಿಟ್ಟಿದ್ದರು. ಒಬ್ಬನೇ ಲೇಖಕನಾದರೆ ‘ನಾವು’ ನಡೆಯದು ಎಂದು ಸ್ನೇಹಿತರು ಹೇಳಿದಾಗ, ಮತ್ತೆ ಟೈಪು ಮಾಡುವ ಬೇಸರಕ್ಕೆ ತಮ್ಮ ಬೆಕ್ಕನ್ನು ಎಫ್. ಡಿ. ಸಿ. ವಿಲ್ಲರ್ಡ್ ಎಂಬ ಹೆಸರಿನಲ್ಲಿ ಎರಡನೇ ಲೇಖಕನಾಗಿ ಸೇರಿಸಿದರು. ‘ಫಿಸಿಕಲ್ ರಿವ್ಯೂ ಲೆಟರ್ಸ್’ ಅದನ್ನು ಅಚ್ಚೂ ಹಾಕಿತು. ಅಲ್ಲಿ ಲೇಖಕರು ಇಬ್ಬರೇ. ನಮ್ಮ ನಿಯಮ ಹಚ್ಚಿದರೆ ಬೆಕ್ಕಿಗೆ ಶೇಕಡ 70. ನನಗೆ 30.

ನಮ್ಮ ಪ್ರಬಂಧದ ಕಥೆಗೆ ಬರೋಣ. ಗುಂಡ್ಲುಪೇಟೆ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ವಿಷಯ. ಬೇಗೂರು, ತೆರಕಣಾಂಬಿ, ಹಂಗಳ ಹೋಬಳಿಗಳ ಊರುಗಳನ್ನು ಆರಿಸಿದ್ದು, ಯಾವ ಬೋರು ಎಷ್ಟು ಆಳ ಎಂದು ಮನೆಮನೆಗೆ ಹೋಗಿ ಕೇಳಿದ್ದು, ಎಲೆಕ್ಟ್ರೋಡಿನಲ್ಲಿ ಅಳೆದದ್ದು, ಮೊದಲ ಕರಡು ಬರೆದದ್ದು ಈ ನಾಲ್ಕನೆಯವನು. ನೀರು ಹಿಡಿದದ್ದು ನನ್ನ ಶಿಷ್ಯ, ತೆರಕಣಾಂಬಿ ಕಡೆಯ ಹುಡುಗ. ಆ ಕೆಲಸ ಏನೆಂದು ತಮಗೆ ತಿಳಿದಿರಲಿಕ್ಕಿಲ್ಲ. ತಾವು ಬಂದ ದಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ, ಮಂಜಿನಲ್ಲಿ ಫೋಟೊ ತೆಗೆಸಿಕೊಂಡು, ಊಟ ಮುಗಿಸಿ ಕಾರು ಹತ್ತಿದಿರಿ.

ಬೋರ್‌ವೆಲ್ ನೀರೆಂದರೆ ನಲ್ಲಿ ತಿರುಗಿಸಿ ಹಿಡಿಯುವುದಲ್ಲ ಸ್ವಾಮಿ. ಹೊಲದ ಪಂಪಿಗೆ ತ್ರೀ ಫೇಸ್ ಕರೆಂಟ್ ಬರಬೇಕು. ಒಬ್ಬ ರೈತರು ಹೇಳಿದ್ದು ಹೀಗೆ: “ನೀರ್ ಬೇಕಾದ್ರೆ ರಾತ್ರಿ ಹನ್ನೆರಡ್ ಗಂಟ್ಗೆ ಬನ್ನಿ ಸಾ, ಕರೆಂಟ್ ಆಗ್ಲೇ ಬರದು. ಬ್ಯಾಟ್ರಿ ತನ್ನಿ, ಆನೆ ಬತ್ತವೆ.” ಹುಡುಗ ಹೋದ. ಪಂಪು ಓಡಿದ ಕೂಡಲೇ ಬರುವುದು ಪೈಪಿನೊಳಗೆ ನಿಂತಿದ್ದ ಹಳೆಯ ನೀರು. ಅದನ್ನು ಹಿಡಿದರೆ ಭೂಮಿಯೊಳಗಿನ ಸುದ್ದಿ ಸಿಗುವುದಿಲ್ಲ. ಅದಕ್ಕೇ ನೀರನ್ನು ಹರಿಯಬಿಟ್ಟು, ಕೈಯಲ್ಲಿರುವ ಮೀಟರಿನಲ್ಲಿ ವಿದ್ಯುತ್ ವಾಹಕತೆಯ ಅಂಕಿ ಏರಿಳಿಯದೆ ಒಂದೇ ಕಡೆ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಅದೇ ನೀರಿನಲ್ಲಿ ಬಾಟಲಿಯನ್ನು ಗಲಬರಿಸಿ ತುಂಬಬೇಕು. ಬಾಟಲಿ ಪ್ಲಾಸ್ಟಿಕ್ಕಿನದೇ ಆಗಬೇಕು, ಗಾಜಾದರೆ ಫ್ಲೋರೈಡ್ ಅದರೊಡನೆ ಸಂಬಂಧ ಬೆಳೆಸುತ್ತದೆ. ಹೊಲದ ಗುರುತು, ಗಂಟೆ, ಬೋರಿನ ಆಳ ಎಲ್ಲವನ್ನೂ ಚೀಟಿಯಲ್ಲಿ ಬರೆದು ಅಂಟಿಸಬೇಕು. ಈ ಒಂದು ಹಂತದಲ್ಲಿ ಅವಸರ ಮಾಡಿದರೆ ಮುಂದೆ ತಮ್ಮ ವಿಭಾಗದ ಯಾವ ದುಬಾರಿ ಯಂತ್ರವೂ ಆ ತಪ್ಪನ್ನು ಹಿಡಿಯಲಾರದು. ಸುಳ್ಳು ನೀರನ್ನು ಅದು ಬಹಳ ನಿಖರವಾಗಿ ಅಳೆದುಕೊಡುತ್ತದೆ.

ಇದೆಲ್ಲ ಅಚ್ಚಿನಲ್ಲಿ ‘ಮಾದರಿಗಳನ್ನು ಸಂಗ್ರಹಿಸಲಾಯಿತು’ ಎಂದಾಗಿದೆ. ಹೆಸರುಗಳು ನಾಲ್ಕು: ಮೊದಲನೆಯದು ತಮ್ಮದು, ಪಕ್ಕದಲ್ಲಿ ಪತ್ರವ್ಯವಹಾರದ ನಕ್ಷತ್ರವೂ ತಮ್ಮದೇ, ಎರಡನೆಯದು ತಮ್ಮ ವಿಭಾಗದ ಮುಖ್ಯಸ್ಥರದು, ಮೂರನೆಯದು ಯಂತ್ರದ ಕೋಣೆಯ ಬೀಗದಕೈ ಇಟ್ಟುಕೊಂಡವರದು, ನಾಲ್ಕನೆಯದು ನನ್ನದು. ಇಷ್ಟೊಂದು ಔದಾರ್ಯ ಎಲ್ಲಿಂದ ಬಂತೆಂದು ನಾನು ಯೋಚಿಸಿದೆ. ಉತ್ತರ ಅದೇ ನಿಯಮದಲ್ಲಿದೆ. ಇಬ್ಬರ ನಡುವೆ ಮೂರನೆಯವರನ್ನು ಸೇರಿಸಿದರೆ ಒಬ್ಬನ 10.5 ಥಟ್ಟನೆ 4.5 ಆಗುತ್ತದೆ. ಅಲ್ಲಿಂದ ಮುಂದೆ ನಾಲ್ಕನೆಯವರು, ಐದನೆಯವರು, ಹತ್ತನೆಯವರು ಬಂದರೂ ಯಾರ ಅಂಕವೂ ಕಡಿಮೆಯಾಗುವುದಿಲ್ಲ. 15 ಅಂಕದ ಪ್ರಬಂಧ ನಾಲ್ವರಿಗೆ ಒಟ್ಟು 24 ಅಂಕ ಹಂಚುತ್ತದೆ. ಹತ್ತು ಜನರಾದರೆ 51. ಮೂರು ಜನ ಆದ ಮೇಲೆ ಹೆಸರು ದಾನ ಮಾಡಲು ಕಾಸು ಖರ್ಚಿಲ್ಲ. ತಾವು ದಾನಶೂರರು.

ಇನ್ನೊಂದು ಕಿವಿಮಾತು. ಪ್ರಯೋಗಾಲಯದ ವಿಜ್ಞಾನಗಳಲ್ಲಿ ಕೈಕೆಲಸ ಮಾಡಿದವರದು ಮೊದಲ ಹೆಸರು, ಮಾರ್ಗದರ್ಶಿಯದು ಕೊನೆಯ ಹೆಸರು, ಅದೇ ಅವರಿಗೆ ಗೌರವದ ಜಾಗ. ಗಣಿತದವರು ವರ್ಣಮಾಲೆಯ ಪ್ರಕಾರ ಹಾಕಿಕೊಂಡು ಜಗಳವನ್ನೇ ತಪ್ಪಿಸಿಕೊಂಡಿದ್ದಾರೆ. ಆದರೆ ಯುಜಿಸಿಯ ಅಂಕಗಳ ಕೋಷ್ಟಕಕ್ಕೆ ಕೊನೆಯ ಜಾಗದ ಗೌರವ ಕಾಣುವುದಿಲ್ಲ, ಅದಕ್ಕೂ 30. ಹಾಗಾಗಿ ಹಿರಿಯರು ಬಾಲದಿಂದ ತಲೆಗೆ ಜಿಗಿಯುತ್ತಾರೆ. ಮುಂದೆ ಯಾರಾದರೂ ಈ ಪ್ರಬಂಧವನ್ನು ಉಲ್ಲೇಖಿಸಿದರೂ ತಮ್ಮ ಹೆಸರು ಬರೆದು ‘ಮತ್ತಿತರರು’ ಎನ್ನುತ್ತಾರೆ. ಬೆಕ್ಕಾದರೂ ಇತರರಲ್ಲಿ ಸೇರಲಿಲ್ಲ.

ನನ್ನದು ಹಾಳಾಗಿ ಹೋಗಲಿ. ಹುಡುಗನ ಹೆಸರು ಎಲ್ಲಿ?

ಕೊನೆಯ ಪುಟದ ಕೃತಜ್ಞತೆಯಲ್ಲಿ ಹುಡುಕಿದೆ. ಧನಸಹಾಯ ಕೊಟ್ಟವರಿದ್ದಾರೆ, ಕುಲಪತಿಗಳಿದ್ದಾರೆ. ಕೊನೆಗೆ ‘ಕ್ಷೇತ್ರಕಾರ್ಯದಲ್ಲಿ ನೆರವಾದ ಸ್ಥಳೀಯರಿಗೆ’. ಸ್ಥಳೀಯರು! ಎಂ.ಎಸ್ಸಿ. ಓದಿದ ಹುಡುಗ, ಅರ್ಧರಾತ್ರಿ ಆನೆ ದಾರಿಯಲ್ಲಿ ಬಾಟಲಿ ಹೊತ್ತ ಹುಡುಗ, ಅವನಿಗೊಂದು ಹೆಸರಿಲ್ಲವೇ? ಅವನೀಗ ಪಿಎಚ್.ಡಿ.ಗೆ ಅರ್ಜಿ ಹಾಕುತ್ತಿದ್ದಾನೆ. ‘ಸ್ಥಳೀಯ’ ಎಂಬುದಕ್ಕೆ ಎಷ್ಟು ಅಂಕ ಹೇಳಿ.

ಫೋನಿನಲ್ಲಿ ಕೇಳಿದಾಗ ನೀವು ನಿಯಮ ಹೇಳಿದಿರಿ: ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಹಾಕಿದೆ, ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರವಣಿಗೆಯಲ್ಲೋ ತಿದ್ದುವುದರಲ್ಲೋ ತೊಡಗಬೇಕು, ಅಂತಿಮ ಪ್ರತಿಯನ್ನು ಒಪ್ಪಬೇಕು, ಪ್ರಶ್ನೆ ಬಂದರೆ ಹೊಣೆ ಹೊರಬೇಕು. “ಅವ್ನು ಕರಡನ್ನೇ ನೋಡಿಲ್ವಲ್ರೀ” ಅಂದಿರಿ. ಕರಡು ಅವನಿಗೆ ಕಳಿಸಿದವರು ಯಾರು? ನಾನು ಕಳಿಸಿ ಎಂದು ಕೇಳಿದ ಮಿಂಚಂಚೆ ಇನ್ನೂ ಇದೆ. ಮೊದಲ ಷರತ್ತು ಪೂರೈಸಿದವರಿಗೆ ಉಳಿದವನ್ನೂ ಪೂರೈಸುವ ಅವಕಾಶ ಕೊಡಬೇಕು ಎಂದು ಅದೇ ಸಮಿತಿ ಅದೇ ಜಾಗದಲ್ಲಿ ಬರೆದಿದೆ. ಆ ಸಾಲನ್ನು ನೀವು ಓದಲಿಲ್ಲ. ಬರೀ ಹಣ ತಂದವರು, ಬರೀ ಮೇಲ್ವಿಚಾರಣೆ ಮಾಡಿದವರು ಲೇಖಕರಲ್ಲ ಎಂಬ ಸಾಲನ್ನೂ ಓದಲಿಲ್ಲ. ಬಾಗಿಲು ಹಾಕಿಕೊಂಡು, ಒಳಗೆ ಬರಲಿಲ್ಲ ಎಂದು ದೂರುವುದು ಎಲ್ಲಿಯ ನ್ಯಾಯ?

ಹೀಗೆ ಹೆಸರು ಬಿಡುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲಿನಿಂದ ಹೇಳುತ್ತಿದ್ದರು: ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿದೆ, ನಾವು ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ್ದರಿಂದ ಅದು ಹೆಚ್ಚಿತು ಎಂದು. ಸೋಲಿಗರ ಈ ತಿಳಿವಳಿಕೆಯನ್ನೇ ವಿಷಯ ಮಾಡಿಕೊಂಡ ಪ್ರಬಂಧ 2010ರಲ್ಲಿ ‘ಇಕಾಲಜಿ ಆ್ಯಂಡ್ ಸೊಸೈಟಿ’ಯಲ್ಲಿ ಬಂತು. ಒಳ್ಳೆಯ ಕೆಲಸ, ನಾನೇ ಪಾಠದಲ್ಲಿ ಹೇಳುತ್ತೇನೆ. ಲೇಖಕರು ನಾಲ್ವರು, ಸೋಲಿಗರ ಹೆಸರಿಲ್ಲ. ಆದರೆ ಅದೇ ಪತ್ರಿಕೆಯಲ್ಲಿ 2008ರಲ್ಲೇ, ನೆಲ್ಲಿಕಾಯಿ ಕೊಯ್ಲಿನ ಮೇಲೆ ಸೋಲಿಗರೂ ಸೇರಿ ನಿಗಾ ಇಡುವ ಪದ್ಧತಿ ಕುರಿತ ಪ್ರಬಂಧದಲ್ಲಿ ಸಿದ್ದಪ್ಪ ಶೆಟ್ಟಿ, ಕಮಲ್ ಬಾವಾ, ತಮಾರಾ ಟಿಕ್ಟಿನ್ ಅವರ ಜೊತೆ ನಾಲ್ಕನೆಯವರಾಗಿ ಸೋಲಿಗರಾದ ಸಿ. ಮಾದೇಗೌಡರ ಹೆಸರಿದೆ. ಮರುವರ್ಷ, 2009ರಲ್ಲಿ, ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಸಾಂಪ್ರದಾಯಿಕ ಜ್ಞಾನದ ಬಗ್ಗೆ ಅವರದೊಬ್ಬರದೇ ಹೆಸರಿನ ಲೇಖನ ಬಂತು. ನಾಲ್ಕನೆಯ ಜಾಗ ಕೊಟ್ಟದ್ದರಿಂದ ಯಾರ ಕಿರೀಟವೂ ಬೀಳಲಿಲ್ಲ. ಬೆಟ್ಟದ ಮೇಲೆ ಆದದ್ದು ಬಯಲಿನಲ್ಲಿ ಆಗಬಾರದೇಕೆ?

ಅಂದ ಹಾಗೆ, ಬಂದಳಿಕೆ ಮರದ ಮೇಲೆಯೇ ಹಸಿರಾಗಿ ಕಾಣುತ್ತದೆ. ಬೇರು ಯಾರದೆಂದು ದೂರದಿಂದ ನೋಡುವವರಿಗೆ ತಿಳಿಯುವುದಿಲ್ಲ. ಇದನ್ನು ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ತಮ್ಮನ್ನು ಉದ್ದೇಶಿಸಿ ಹೇಳಿದ್ದು.

ಮುಂದಿನ ವಾರ ತಾವು ಈ ಪ್ರಬಂಧವನ್ನು ಸಮ್ಮೇಳನದಲ್ಲಿ ಮಂಡಿಸುವಿರೆಂದು ಆಹ್ವಾನ ಪತ್ರಿಕೆ ನೋಡಿದೆ. ಸಭಿಕರಲ್ಲಿ ನಾನೂ ಇರುತ್ತೇನೆ. ಒಂದೇ ಪ್ರಶ್ನೆ ಕೇಳುತ್ತೇನೆ: ಹಂಗಳದ ಕಡೆಯ ಆ ಒಂದು ಬೋರಿನ ಎರಡು ಬಾಟಲಿಗಳಲ್ಲಿ ಅಂಕಿ ಬೇರೆಬೇರೆ ಬಂದದ್ದು ಏಕೆ? ಉತ್ತರ ಹುಡುಗನ ನೋಟುಪುಸ್ತಕದಲ್ಲಿದೆ. ನಡುವೆ ಕರೆಂಟ್ ಹೋಗಿ ಬಂದಿತ್ತು. ಎರಡನೆಯ ಬಾಟಲಿಗೆ ಬಿದ್ದದ್ದು ಮತ್ತೆ ಪೈಪಿನ ನೀರು. ಈಗ ಹೇಳಿಬಿಟ್ಟೆನಲ್ಲ. ಪರವಾಗಿಲ್ಲ, ಇಂಥವು ಆ ಪುಸ್ತಕದಲ್ಲಿ ಬಹಳ ಇವೆ.

ಲೇಖಕರ ಪಟ್ಟಿ ತಿದ್ದಬೇಕಾದರೆ ಪತ್ರಿಕೆಯವರಿಗೆ ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವನ್ನು ಲಗತ್ತಿಸಿದ್ದೇನೆ. ಹುಡುಗನ ಹೆಸರನ್ನು ಇನಿಶಿಯಲ್ ಸಮೇತ ಸರಿಯಾಗಿ ಬರೆದಿದ್ದೇನೆ, ಎರಡನೇ ಜಾಗದಲ್ಲಿ. ಮೊದಲನೇ ಜಾಗದಲ್ಲಿ ಯಾರೆಂದು ತಾವೇ ಓದಿಕೊಳ್ಳಿ. ಮುಖ್ಯಸ್ಥರಿಗೂ ಬೀಗದಕೈಯವರಿಗೂ ಕೃತಜ್ಞತೆಯಲ್ಲಿ ಜಾಗ ಮಾಡಿದ್ದೇನೆ, ಹೆಸರು ಹಾಕಿಯೇ. ತಮಗೆ ಕೊನೆಯ ಜಾಗ ಬೇಕೋ ಕೃತಜ್ಞತೆ ಬೇಕೋ, ಒಂದಕ್ಕೆ ಗುರುತು ಹಾಕಿ ವಾಪಸು ಕಳಿಸಿ. ಅಂಚೆ ಚೀಟಿ ಹಚ್ಚಿದ ಲಕೋಟೆ ಒಳಗಿದೆ.

ಇಂತಿ ತಮ್ಮ ವಿಧೇಯ,
ಮತ್ತಿತರರು
ಚಾಮರಾಜನಗರ