ಐದನೇ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ

ಸಪೋರ್ಟ್ ವಿಭಾಗದ ಮಹನೀಯರೇ,

ನಾಲ್ಕು ಸಲ ಕೇಳಿದಿರಿ, ನಾಲ್ಕು ಸಲ ಕಳಿಸಿದೆ. ಇಗೋ ಐದನೆಯದು. ಇದರಲ್ಲೂ ಅದೇ ಕೆಂಪು ಗುರುತು, ಪಕ್ಕದಲ್ಲಿ ‘ಇಂಟರ್ನೆಟ್ ಸಂಪರ್ಕ ಪರೀಕ್ಷಿಸಿ’ ಎಂಬ ಅದೇ ಬುದ್ಧಿವಾದ. ಬೇಕಿದ್ದರೆ ಚೌಕಟ್ಟು ಹಾಕಿಸಿ ಕೊಡುತ್ತೇನೆ, ಗೋಡೆಗೆ ನೇತುಹಾಕಿಕೊಳ್ಳಿ.

ಕರಿಕೆಯ ಮಳೆಗಾಲ ನಿಮಗೆ ಗೊತ್ತಿರಲಿಕ್ಕಿಲ್ಲ. ಘಾಟಿಯಲ್ಲಿ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಮೊಬೈಲು ಕೇರಳದ ಟವರಿಗೆ ಹಾರುತ್ತದೆ. ಇಂಟರ್ನೆಟ್ ಇಲ್ಲವೆಂದರೆ ನಾನೇ ಮೊದಲು ನಂಬುವವನು. ಆದರೆ ಲೈಸೆನ್ಸ್ ಹೋದ ದಿನ ಇತ್ತು. ಬ್ರೌಸರ್ ತೆರೆದಾಗ ಅದು ಒಂದೇ ಸಾಲಿನಲ್ಲಿ ಹೇಳಿತು: ನಿಮ್ಮ ಗಡಿಯಾರ ಹಿಂದಿದೆ. ನಾನು ದುಡ್ಡು ಕೊಟ್ಟು ಕೊಂಡ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಅಷ್ಟು ಹೇಳಲು ಬಾಯಿ ಬರಲಿಲ್ಲ.

ಆವೃತ್ತಿ 7.2.4, ವಿಂಡೋಸ್ 10, 22H2. ಲಾಗ್ ನಿಮ್ಮದೇ, ಓದಿ ನೋಡಿ:

```
2015-01-01 00:04:12 clock behind last run, license removed
2015-01-01 00:04:13 release seat: certificate is not yet valid
2025-07-22 10:31:40 activate: HTTP 409, seats 1/1
```

ಆದದ್ದು ಇಷ್ಟು. ಮದರ್‌ಬೋರ್ಡಿನ CR2032 ಸೆಲ್ ಸತ್ತಿತ್ತು. ಕರೆಂಟ್ ಹೋದ ರಾತ್ರಿ ಗಡಿಯಾರ 2015ಕ್ಕೆ ಜಾರಿತು. ಇಷ್ಟು ದೊಡ್ಡ ವ್ಯತ್ಯಾಸವನ್ನು ವಿಂಡೋಸ್ ತಾನಾಗಿ ಸರಿಮಾಡಿಕೊಳ್ಳುವುದಿಲ್ಲ. 15 ಗಂಟೆಗಿಂತ ಹೆಚ್ಚಾದರೆ ಸುಮ್ಮನಿರುವುದು ಅದರ ಮೂಲ ನಿಯಮ. ನಿಮ್ಮ ಸಾಫ್ಟ್‌ವೇರ್ ಮಾತ್ರ ನಾನು ತಾರೀಕು ತಿದ್ದಿ ಮೋಸ ಮಾಡುತ್ತಿದ್ದೇನೆಂದು ಲೈಸೆನ್ಸ್ ಕಿತ್ತುಹಾಕಿತು. ಆ ಸುದ್ದಿಯನ್ನು ನಿಮ್ಮ ಸರ್ವರಿಗೆ ಮುಟ್ಟಿಸಲು ಹೋದರೆ, 2015ರಲ್ಲಿ ನಿಂತ ಕಂಪ್ಯೂಟರಿಗೆ ನಿಮ್ಮ ಸರ್ವರಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇರಲಿಲ್ಲ. ಹಾಗಾಗಿ ಇಲ್ಲಿ ಲೈಸೆನ್ಸ್ ಇಲ್ಲ, ಅಲ್ಲಿ ನನ್ನ ಒಂದೇ ಸೀಟಿನಲ್ಲಿ ನಾನೇ ಕೂತಿದ್ದೇನೆ!

ಸೆಲ್ ಬದಲಿಸಿದೆ, ತಾರೀಕು ಸರಿಮಾಡಿದೆ. ಸಂಪರ್ಕದ ದೋಷ ಹೋಯಿತು. ಅದಕ್ಕೇ ಮೂರನೇ ಸಾಲಿನಲ್ಲಿ ಉತ್ತರ ಕೊಟ್ಟಿರುವುದು ನಿಮ್ಮ ಸರ್ವರೇ. ಆದರೂ ನಿಮ್ಮ ಪೆಟ್ಟಿಗೆ ‘ಇಂಟರ್ನೆಟ್ ಪರೀಕ್ಷಿಸಿ’ ಎನ್ನುವುದು ಬಿಟ್ಟಿಲ್ಲ. ಎಲ್ಲ ಕಾಯಿಲೆಗೂ ಒಂದೇ ಕಷಾಯ.

ಆ ಸೀಟು ಬಿಡಿಸುವುದು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ಇದನ್ನು ಎರಡನೇ ಪತ್ರದಲ್ಲೇ ಬರೆದಿದ್ದೆ. ಉತ್ತರ ಬಂತು: ‘ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ.’ ಅದನ್ನು ಕಳಿಸಲು ಪಾಣತ್ತೂರಿನವರೆಗೆ ಹೋದೆ, ಮಳೆಯಲ್ಲಿ. ಚಿತ್ರ ಯಾರಿಗೆ ಬೇಕು ಸ್ವಾಮಿ? ಲಾಗ್ ಓದುವವರು ಒಬ್ಬರೂ ಇಲ್ಲವೇ ನಿಮ್ಮಲ್ಲಿ? ಅಡಿಕೆ, ರಬ್ಬರ್ ಶೀಟ್ ತಂದವರಿಗೆ ಒಂಬತ್ತು ದಿನದಿಂದ ಕೈಬರಹದ ಚೀಟಿ ಕೊಡುತ್ತಿದ್ದೇನೆ. ಕೂಡಿಸುವುದು ತಪ್ಪುತ್ತಿದೆ, ಬೈಗುಳ ನನಗೆ.

ಸೀಟು ಬಿಡಿಸಿ. ಬೇರೇನೂ ಬೇಡ.

ಇಂತಿ,
ನಿಮ್ಮ ಚಿತ್ರಗಾರ, ಕರಿಕೆ

ತಾ.ಕ.: ಸತ್ತ ಸೆಲ್ಲನ್ನು ಎಸೆದಿಲ್ಲ. ಅದರ ಫೋಟೋ ಕೇಳುತ್ತೀರೆಂದು ಇಟ್ಟುಕೊಂಡಿದ್ದೇನೆ.