ಹೆಸರಿನೊಳಗ ಒಂದು 'ಎ' ಕಡಿಮಿ

ಇಳಕಲ್ಲಿನ ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಹಾಡುತ್ತಾನೆ. ಹೆಸರು ಬಸವರಾಜ ಎಂದು ಇಟ್ಟುಕೊಳ್ಳಿ. ಯೂಟ್ಯೂಬಿನಲ್ಲಿ ಅವನ ಜಾನಪದ ಹಾಡುಗಳಿವೆ. ನೋಡುವವರಿಲ್ಲ. ತಾಳ ತಪ್ಪುತ್ತದೆ, ಮೈಕು ಅಗ್ಗದ್ದು. ತಾಳಕ್ಕೆ ರಿಯಾಜ್ ಬೇಕು, ಮೈಕಿಗೆ ರೊಕ್ಕ ಬೇಕು. ಹಾಗಾಗಿ ಆತ ಸಂಖ್ಯಾಶಾಸ್ತ್ರಿಯ ಮನೆಗೆ ಹೋದ.

"ಕಾಕಾ, ನನ್ನ ಹೆಸರಿನ್ಯಾಗ ಒಂದು 'ಎ' ಕಡಿಮಿ ಐತಂತ್ರಿ. ಅದಕ್ಕ ಹಾಡು ಓಡವಲ್ವು."

ಇಪ್ಪತ್ತೆರಡು ವರ್ಷ ಒಂದು 'ಎ' ಇಲ್ಲದೆ ಬದುಕಿದ್ದಾನೆ, ಪಾಪ.

ಲೆಕ್ಕದ ಚೀಟಿ ತೋರಿಸಿದ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. 'ಎ', 'ಜೆ'ಗೆ 1. 'ಬಿ', 'ಆರ್'ಗೆ 2. 'ಎಸ್'ಗೆ 3, 'ವಿ'ಗೆ 6. ಬಸವರಾಜ ಎಂದು ಇಂಗ್ಲಿಷಿನಲ್ಲಿ ಬರೆದು ಕೂಡಿದರೆ 18. ಹದಿನೆಂಟು ಜಗಳದ ಅಂಕಿಯಂತೆ. 'ರಾ'ದಲ್ಲಿ ಇನ್ನೊಂದು 'ಎ' ತುರುಕಿದರೆ 19. ಹತ್ತೊಂಬತ್ತು ಸೂರ್ಯನದು, ಕೀರ್ತಿಯದು. ಜಗಳಕ್ಕೂ ಕೀರ್ತಿಗೂ ನಡುವೆ ಇರುವುದು ಒಂದೇ ಅಕ್ಷರ. ಅಕ್ಷರ ಪುಕ್ಕಟೆ. ಸಲಹೆಗೆ ಮಾತ್ರ ರೊಕ್ಕ.

ಇದು ಕಾಲ್ಡಿಯನ್ ಪದ್ಧತಿ. ಪೈಥಾಗೊರಸ್ ಹೆಸರಿನಲ್ಲಿ ಇನ್ನೊಂದಿದೆ. ಅಲ್ಲಿ 'ಎ' ಇಂದ 'ಐ' ತನಕ 1ರಿಂದ 9, ಮತ್ತೆ 'ಜೆ' ಇಂದ 1. ಹುಡುಗನ ಎದುರಿಗೇ ಅದರಲ್ಲೂ ಕೂಡಿದೆ. ಅಪ್ಪ ಇಟ್ಟ ಹೆಸರಿಗೆ 21, ಅಂದರೆ 3, ಗುರುವಿನ ಅಂಕಿ. ಆ 'ಎ' ಸೇರಿಸಿದ ಮೇಲೆ 22, ಅಂದರೆ 4, ರಾಹು. ಒಂದೇ ಅಕ್ಷರ ಒಂದು ಕೋಷ್ಟಕದಲ್ಲಿ ಅವನನ್ನು ಗದ್ದುಗೆ ಹತ್ತಿಸಿತು, ಇನ್ನೊಂದರಲ್ಲಿ ಬಾವಿಗೆ ನೂಕಿತು. 22 ಮಾಸ್ಟರ್ ನಂಬರ್, ಅದನ್ನು ಒಡೆಯಬಾರದು ಎಂದು ವಾದಿಸುವವರೂ ಇದ್ದಾರೆ. ಇರಲಿ. ಈ ವ್ಯಾಪಾರದಲ್ಲಿ ಗಿರಾಕಿ ಎಂದೂ ಬರಿಗೈಲಿ ಹೋಗಬಾರದು.

ಕಾಲ್ಡಿಯನ್ ಎಂದರೆ ಬ್ಯಾಬಿಲೋನಿನವರು. ಹಸಿ ಮಣ್ಣಿನ ಹಲಗೆಯ ಮೇಲೆ ಮೊಳೆಯಾಕಾರದ ಲಿಪಿ ಒತ್ತುತ್ತಿದ್ದ ನಾಡು. ಅವರು ಇಂಗ್ಲಿಷಿನ 'ಜೆ'ಗೆ ಅಂಕಿ ಕೊಟ್ಟು ಹೋದರಂತೆ. 'ಜೆ' ಎಂಬುದು 'ಐ' ಇಂದ ಬೇರೆ ಮನೆ ಮಾಡಿಯೇ ಸುಮಾರು ಐನೂರು ವರ್ಷ.

ಈ ಕೋಷ್ಟಕವನ್ನು ಮನೆಮನೆಗೆ ಮುಟ್ಟಿಸಿದವನು ಕೀರೋ. ನಮ್ಮ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ಸಿಗುತ್ತಾನೆ. ಅದು ಅವನ ಹುಟ್ಟು ಹೆಸರಲ್ಲ. ಆತ ಐರ್ಲೆಂಡಿನ ವಿಲಿಯಂ ಜಾನ್ ವಾರ್ನರ್. ಕೈ ನೋಡುವ ಕಸುಬು, ಗ್ರೀಕಿನಲ್ಲಿ ಕೈಗೆ ಇರುವ ಪದವನ್ನೇ ಹೆಸರು ಮಾಡಿಕೊಂಡ. ಅವನ ಕೋಷ್ಟಕದಲ್ಲೇ ಅವನ ಹೆಸರು ಕೂಡಿ ನೋಡಿ: 23. ಅವನ ಪುಸ್ತಕ ತಲೆಯ ಮೇಲೆ ಹೊತ್ತು ಮೆರೆಸುವ ಅಂಕಿಗಳಲ್ಲಿ ಅದೂ ಒಂದು. ತಕ್ಕಡಿ ಅವನದು, ಬದನೆಕಾಯಿಯೂ ಅವನದು.

ಕಲಾವಿದರು ಹೆಸರು ಬದಲಿಸಬಾರದು ಎಂದು ಯಾರೂ ಹೇಳುತ್ತಿಲ್ಲ. ಮುತ್ತುರಾಜರನ್ನು 'ಬೇಡರ ಕಣ್ಣಪ್ಪ'ಕ್ಕಾಗಿ ಎಚ್.ಎಲ್.ಎನ್. ಸಿಂಹ ಅವರು ರಾಜಕುಮಾರ್ ಮಾಡಿದರು, 1954ರಲ್ಲಿ. ಸಂಪತ್ ಕುಮಾರರನ್ನು ಪುಟ್ಟಣ್ಣ ಕಣಗಾಲ್ ವಿಷ್ಣುವರ್ಧನ್ ಮಾಡಿದರು, 1972ರ 'ನಾಗರಹಾವು' ಹೊತ್ತಿಗೆ. ಒಂದು ಹೆಸರು ಕಥೆಯದು, ಇನ್ನೊಂದು ಹೊಯ್ಸಳರ ಅರಸನದು. ಕೂಗಿದರೆ ಟೆಂಟಿನ ಕೊನೇ ಸಾಲಿಗೂ ಕೇಳಬೇಕು, ಅಷ್ಟೇ.

ಸಂಖ್ಯಾಶಾಸ್ತ್ರಿ ಇಲ್ಲಿ ಮೀಸೆ ತಿರುವುತ್ತಾನೆ. ರಾಜಕುಮಾರ್ ಹೆಸರನ್ನು ಕೂಡಿದರೆ 19 ಬರುತ್ತದೆ, ನೋಡಿದ್ರ್ಯಾ! ನೋಡಿದೆ. ಹಿಂದಿಯಲ್ಲಿ ಕುಲಭೂಷಣ ಪಂಡಿತ್ ಎಂಬುವರು ಎರಡು 'ಎ' ಹಾಕಿ ರಾಜ್‌ಕುಮಾರ್ ಆದರು. 20. ಅವರೂ ಸ್ಟಾರ್. ಈಗಿನ ರಾಜ್‌ಕುಮ್ಮಾರ್ ರಾವ್ ಅಂಕಿಗಾಗಿಯೇ ಎರಡನೇ 'ಎಂ' ಸೇರಿಸಿದರು. ರಾವ್ ಬಿಟ್ಟು ಕೂಡಿದರೆ 23. ಅವರೂ ಗೆದ್ದರು. ಮೂರು ಅಂಕಿ, ಮೂವರೂ ಗೆದ್ದವರು. ಇದೇ ಹೆಸರಿಟ್ಟುಕೊಂಡು ಗಾಂಧಿನಗರದ ಫುಟ್‌ಪಾತಿನ ಮೇಲೆ ಚಪ್ಪಲಿ ಸವೆಸಿದವರ ಅಂಕಿಯನ್ನು ಯಾರೂ ಕೂಡುವುದಿಲ್ಲ.

ದೂರ ಯಾಕೆ, ನಮ್ಮ ಜಿಲ್ಲೆಗೇ ಬನ್ನಿ. ಬೀಳಗಿಯ ಅಮೀರ್‌ಬಾಯಿ. ಆಗಿನ ಮುಂಬೈ ಪ್ರಾಂತ, ವಿಜಾಪುರ ಜಿಲ್ಲೆ. ಹಾಡಲು, ನಟಿಸಲು ಮುಂಬೈಗೆ ಹೋದ ಹೆಣ್ಣುಮಗಳು. ಅಲ್ಲಿ ಬಾಯಿಯರಿಗೆ ಬರವಿರಲಿಲ್ಲ. ಬಡೋದೆಕರ್ ಹೀರಾಬಾಯಿ, ಕೇರಿಯ ಕೇಸರಬಾಯಿ, ಕುರ್ಡಿಯ ಮೋಗುಬಾಯಿ. ಊರ ಹೆಸರು ಜೊತೆಗಿಲ್ಲದಿದ್ದರೆ ಯಾವ ಬಾಯಿ ಎಂದು ತಿಳಿಯುವುದು ಹೇಗೆ? ಇವರು ಇಡೀ ನಾಡನ್ನೇ ಬೆನ್ನಿಗೆ ಕಟ್ಟಿಕೊಂಡು ಕರ್ನಾಟಕಿ ಆದರು. ಅಕ್ಕ ಗೋಹರಬಾಯಿಯೂ ಕರ್ನಾಟಕಿ.

ಈಗ ಇವರ ಹೆಸರು ಕೂಡೋಣ. ಅಮೀರ್‌ಬಾಯಿ ಕರ್ನಾಟಕಿ, ಇಂಗ್ಲಿಷಿನಲ್ಲಿ 'ಮೀ'ಗೆ ಒಂದು 'ಐ' ಹಾಕಿ ಬರೆದರೆ 31. ಅಂದರೆ 4, ರಾಹು. ಬೇಡ, 'ಐ' ತೆಗೆದು ಎರಡು 'ಇ' ಹಾಕಿ. 40. ಮತ್ತೆ 4, ಮತ್ತೆ ರಾಹು. ಬಾಗಿಲು ಬದಲಿಸಿದರೂ ಎದುರಿಗೆ ಅದೇ ಮಾರಿ.

ಈ ರಾಹುಗ್ರಸ್ತ ಹೆಸರಿನಲ್ಲೇ ಅವರು 1943ರಲ್ಲಿ 'ಕಿಸ್ಮತ್' ಸಿನಿಮಾಕ್ಕೆ ಹಾಡಿದರು. ಸಂಗೀತ ಅನಿಲ್ ಬಿಸ್ವಾಸ್. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಸಿನಿಮಾದ ಹೆಸರೇ ಹಣೆಬರಹ. ಬರಹದಲ್ಲಿ ಎಷ್ಟು 'ಇ' ಇವೆ ಎಂದು ಹಣೆ ನೋಡಲಿಲ್ಲ.

ಅವರು ತೀರಿಕೊಂಡದ್ದು 1965ರಲ್ಲಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಸರ್ಕಾರಕ್ಕಿಂತ ಮೊದಲೇ ಬೀಳಗಿಯ ಹೆಣ್ಣುಮಗಳೊಬ್ಬಳು ಆ ಹೆಸರನ್ನು ಗ್ರಾಮಫೋನ್ ತಟ್ಟೆಯ ಮೇಲೆ ತಿರುಗಿಸುತ್ತಿದ್ದಳು. ಹೆಸರು ಬದಲಿಸುವುದಾದರೆ ಹೀಗೆ ಬದಲಿಸಬೇಕು.

ಅಂಕಿಗಾಗಿ ಹೆಸರು ತಿದ್ದಲೇಬೇಕೆಂಬ ಹಟವಿದ್ದರೆ ನಮ್ಮಲ್ಲೂ ಒಂದು ಪದ್ಧತಿಯಿದೆ. ಕಟಪಯಾದಿ. ಕರ್ನಾಟಕ ಸಂಗೀತದವರು ಅದರಲ್ಲಿ ರಾಗಗಳ ಹೆಸರನ್ನೇ ತಿದ್ದಿದ್ದಾರೆ. ಕಲ್ಯಾಣಿ ಮೇಳಕರ್ತ ಪಟ್ಟಿಯಲ್ಲಿ 65ನೆಯದು. ಅದಕ್ಕೆ ಮುಂದೆ 'ಮೇಚ' ಸೇರಿಸಿದರು. 'ಮ' 5, 'ಚ' 6. ಹಿಂದುಮುಂದಾಗಿ ಓದಿದರೆ 65. ಹೆಸರು ಕೇಳಿದ ಕೂಡಲೇ ರಾಗದ ಮನೆ ನಂಬರು ಸಿಗಲಿ ಎಂದು ಮಾಡಿದ ಜಾಣತನ. ಮೇಚ ಸೇರಿತೆಂದು ಕಲ್ಯಾಣಿಗೆ ಹೆಚ್ಚು ಕಛೇರಿ ಸಿಗಲಿಲ್ಲ. ಮತ್ತು ಇಲ್ಲಿ ಲೆಕ್ಕ ವ್ಯಂಜನಕ್ಕೆ ಮಾತ್ರ. 'ರ' ಆದರೂ 2, 'ರಾ' ಆದರೂ 2. ಎಷ್ಟು 'ಎ' ಎಳೆದರೂ ಅಂಕಿ ಅಲುಗುವುದಿಲ್ಲ. ಆದ್ದರಿಂದಲೇ ಇದಕ್ಕೆ ಗಿರಾಕಿಗಳಿಲ್ಲ.

ಬಸವರಾಜನಿಗೆ ಇದೆಲ್ಲ ಹೇಳಿದೆ. "ಹೌದ್ರಿ ಕಾಕಾ" ಅಂದ. ಹೋಗಿ ಚಾನೆಲ್ಲಿನ ಹೆಸರು ಬದಲಿಸಿದ. ಹಳೇ ಹೆಸರು ಬಡಿದು ಹುಡುಕುತ್ತಿದ್ದ ನಾಲ್ಕು ಮಂದಿಗೂ ಆತ ಸಿಗದಂತಾದ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಾಲ್ಕು 'ಎ', ಹೊಸ ಹೆಸರಿಗೆ ಬಂದ ಮೊದಲ ಚೆಕ್ಕಿನಲ್ಲಿ ಐದು. ಚೆಕ್ಕು ವಾಪಸ್. ಈಗ ಅಫಿಡವಿಟ್ಟಿಗೆ ಓಡಾಡುತ್ತಿದ್ದಾನೆ. ಕೀರ್ತಿಯ ಮೊದಲ ಕಂತು.

ಮೊನ್ನೆ ಬನಶಂಕರಿ ಜಾತ್ರೆಗೆ ಒಂದು ಕಾರ್ಯಕ್ರಮ ಸಿಕ್ಕಿತು. ಬ್ಯಾನರ್ ಮಾಡಿಸಲು ಬಾದಾಮಿಯ ಫ್ಲೆಕ್ಸ್ ಅಂಗಡಿಗೆ ಹೋದೆವು. ಹುಡುಗ ಚೀಟಿ ಕೊಟ್ಟ. ಅಂಗಡಿಯವ ಕಂಪ್ಯೂಟರಿನಲ್ಲಿ 'ಬಸವರಾಜ' ಎಂದು ಬಡಿದು ತೋರಿಸಿದ. ಹುಡುಗನಿಗೆ ಸಮಾಧಾನವಿಲ್ಲ. ಒಂದು 'ಎ' ಹೆಚ್ಚಿಗೆ ಬೇಕು ಅಂದ.

"ಕನ್ನಡದಾಗ ಅದನ್ನ ಎಲ್ಲಿ ಹಾಕ್ಲೋ ತಮ್ಮಾ?"

ಹುಡುಗ ಹೊರಗೆ ಹೋಗಿ ಸಂಖ್ಯಾಶಾಸ್ತ್ರಿಗೆ ಫೋನ್ ಹಚ್ಚಿದ. ಅವರು ಎತ್ತಲಿಲ್ಲ. ರಾಹುಕಾಲದಲ್ಲಿ ಎತ್ತುವುದಿಲ್ಲವಂತೆ.