ಕಿಷ್ಕಿಂಧೆಯ ಕಂಠದಾನಿಗಳ ಬಿನ್ನಹ

ಅನಿಮೇಷನ್ ಧಾರಾವಾಹಿಯ ನಿರ್ಮಾಪಕ ಮಹಾಶಯರ ಸನ್ನಿಧಾನಕ್ಕೆ,

ಕಿಷ್ಕಿಂಧೆಯ ಕಥೆಯನ್ನು ಮಕ್ಕಳಿಗಾಗಿ ಚಿತ್ರಿಸಹೊರಟು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕಂಠಗಳನ್ನು ಆಹ್ವಾನಿಸಿ ತಾವು ಹೊರಡಿಸಿದ ಪ್ರಕಟಣೆಯನ್ನು ಭಕ್ತಿಪೂರ್ವಕವಾಗಿ ಓದಿದೆವು. ಹನುಮಂತನಿಗೆ ‘ಶುದ್ಧ, ಗಂಭೀರ ಕನ್ನಡ’ ಬೇಕೆಂದು ವಿಧಿಸಿ, “ಪ್ರಭು, ಅಪ್ಪಣೆಯಾಗಲಿ” ಎಂಬ ಮಾದರಿ ವಾಕ್ಯವನ್ನು ದಯಪಾಲಿಸಿದ್ದೀರಿ, ರಾವಣನ ಅಡುಗೆಮನೆಯನ್ನು ಕಾಯುವ ಹೊಟ್ಟೆಬಾಕ ರಾಕ್ಷಸನಿಗಾದರೋ ‘ಉತ್ತರ ಕರ್ನಾಟಕದ ಉಚ್ಚಾರಣೆ, ನಗು ಬರಬೇಕು’ ಎಂದು ಬರೆದು, “ಏನ್ಲೇ ಮಂಗ್ಯಾ, ರೊಟ್ಟಿ ತಿಂದು ಹೊಕ್ಕೀಯೇನ್ಲೇ?” ಎಂಬುದನ್ನು ಅಭ್ಯಾಸಕ್ಕೆ ಕೊಟ್ಟಿದ್ದೀರಿ. ಆನೆಗೊಂದಿಯ ಬಳಿಯ ಅಂಜನಾದ್ರಿಯಲ್ಲಿ ಜನಿಸಿದನೆಂದು ನಾವು ನಂಬಿರುವ ಆಂಜನೇಯನಿಗೆ ಗಂಗಾವತಿ ತಾಲ್ಲೂಕಿನ ಮಾತು ಬಾರದೆಂಬುದೂ, ಕಡಲಾಚೆಯ ಲಂಕೆಯ ರಾಕ್ಷಸನಿಗೆ ಮಾತ್ರ ಕುಷ್ಟಗಿ ಸಂತೆಯ ಮಾತು ಹುಟ್ಟಿನಿಂದಲೇ ಬರುವುದೆಂಬುದೂ ತಿಳಿದು, ನಮ್ಮ ಭೂಗೋಳಜ್ಞಾನವು ಈ ಇಳಿವಯಸ್ಸಿನಲ್ಲಿ ತಿದ್ದಲ್ಪಟ್ಟಿತು.

‘ಎರಡು ವರ್ಷದ ಸ್ಟುಡಿಯೋ ಅನುಭವ ಕಡ್ಡಾಯ’ ಎಂಬ ನಿಬಂಧನೆಯೂ ಕಂಡಿತು. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಕುಳಿತ ಒಬ್ಬಿಬ್ಬರು, ಕೈಯಲ್ಲಿ ಗೊಂಬೆಯನ್ನಾಡಿಸುತ್ತಲೇ, ರಾಮನಿಗೂ ರಾವಣನಿಗೂ ಸೀತೆಗೂ ಬೇರೆಬೇರೆ ಕಂಠಗಳನ್ನು ಕೊಡುವುದುಂಟಷ್ಟೆ. ಆ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಪಡೆದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರು ಇದೇ ಕೊಪ್ಪಳ ಜಿಲ್ಲೆಯವರು. ತಮ್ಮ ಅರ್ಜಿಯ ನಮೂನೆಯ ಪ್ರಕಾರ ಅವರು ಅನರ್ಹರು.

ಸಂಭಾವನೆಯ ಪ್ರಕರಣವು ಇನ್ನೂ ರಸವತ್ತಾದುದು. ‘ಸಂಚಿಕೆಯಲ್ಲಿ ಅಂತಿಮವಾಗಿ ಉಳಿದ ಮಾತಿಗೆ ನಿಮಿಷಕ್ಕೆ 300 ರೂಪಾಯಿ’ ಎಂದಿದ್ದೀರಿ. ಹನ್ನೊಂದು ನಿಮಿಷದ ಸಂಚಿಕೆಯಲ್ಲಿ ಜಾಂಬವಂತನ ಮಾತೆಲ್ಲ ಸೇರಿ 48 ಸೆಕೆಂಡಾದರೆ, ಅವನಿಗೆ ಸಲ್ಲತಕ್ಕುದು 240 ರೂಪಾಯಿ. ಒಂದೊಂದು ಮಾತನ್ನೂ ಕೋಪದಿಂದೊಮ್ಮೆ, ಕರುಣೆಯಿಂದೊಮ್ಮೆ, ನಿರ್ದೇಶಕರಿಗೇ ತಿಳಿಯದ ಇನ್ನೊಂದು ಭಾವದಿಂದೊಮ್ಮೆ ಹೇಳಿ, ಬಿದ್ದ ನರಳಾಟ, ಏದುಸಿರು, ಗರ್ಜನೆಗಳನ್ನು ಬೇರೆಯಾಗಿ ಒಪ್ಪಿಸಿ, ಅರ್ಧ ದಿನವನ್ನು ಕಳೆದ ಮೇಲೆ, ಸಂಕಲನಕಾರನು ಇಪ್ಪತ್ತು ಸೆಕೆಂಡನ್ನು ಕತ್ತರಿಸಿದನೆಂದರೆ ಕೂಲಿಯಲ್ಲಿ ಇನ್ನೂ ನೂರು ರೂಪಾಯಿ ಮಾಯ. ಇಂಥ ಧಾರಾವಾಹಿಯಲ್ಲಿ ಧ್ವನಿಯೇ ಮೊದಲು, ತುಟಿಯ ಚಿತ್ರ ಆಮೇಲೆ. ಕಥೆ ತಿದ್ದಿದಂತೆಲ್ಲ ನಟನನ್ನು ಮರಳಿ ಕರೆಯುವರು. ಆ ಕರೆ ‘ಉಚಿತ’ವೆಂದು ತಮ್ಮ ಆರನೆಯ ಕಲಮು.

‘ಸಕಲ ಮಾಧ್ಯಮಗಳಲ್ಲಿ, ಸಕಲ ಲೋಕಗಳಲ್ಲಿ, ಶಾಶ್ವತವಾಗಿ’ ಧ್ವನಿಯ ಹಕ್ಕು ತಮ್ಮದೆಂದಿರುವಿರಿ. ಚಿರಂಜೀವಿಯಾದ ಹನುಮಂತನಿಗೆ ಈ ಅವಧಿ ಒಪ್ಪುವುದು. ಅವನಿಗೆ ಕಂಠ ಕೊಡುವವನು ಮಾತ್ರ ಮರ್ತ್ಯನು, ನಾಳೆ ಅದೇ ಕಂಠವು ಬಿಸ್ಕತ್ತನ್ನು ಮಾರುವುದನ್ನು ಟೀವಿಯಲ್ಲಿ ಪುಕ್ಕಟೆಯಾಗಿ ಕೇಳಬೇಕಾದವನು.

ಆದುದರಿಂದ ನಮ್ಮ ವಿನಂತಿಯಿಷ್ಟೆ: ಉಳಿದ ಸೆಕೆಂಡುಗಳನ್ನೆಣಿಸದೆ ಕರೆದ ಹೊತ್ತಿಗೆ ಕೂಲಿ ಕೊಡಿರಿ, ತಾವು ಕಥೆ ತಿದ್ದಿದ ತಪ್ಪಿಗೆ ಮರುಧ್ವನಿಯ ಹಣವನ್ನು ತಾವೇ ತೆರಿರಿ, ಗಂಟಲು ಒಡೆದ ಮೇಲೆ ‘ಪ್ರಭು’ ಎನ್ನಲಾಗದಾದ್ದರಿಂದ ಗರ್ಜನೆಗಳನ್ನು ದಿನದ ಕೊನೆಗೆ ಇರಿಸಿಕೊಳ್ಳಿರಿ, ಹಕ್ಕಿಗೆ ವರ್ಷಗಳ ಮಿತಿಯನ್ನೂ, ಜಾಹೀರಾತಿಗೆ ಪ್ರತ್ಯೇಕ ದರವನ್ನೂ ಬರೆಯಿರಿ. ಹನುಮಂತನ ಪಾತ್ರವನ್ನು ನಮ್ಮೂರಿನ ಹುಡುಗನಿಗೆ ಕೊಡಿರಿ. ರಾಕ್ಷಸನನ್ನು ರಾಜಧಾನಿಯವರೇ ಮಾಡಲಿ. ‘ಹೊಕ್ಕೀಯೇನ್ಲೇ’ ಎಂಬುದನ್ನು ಅವರಿಗೆ ಕಲಿಸಿಕೊಡಲು ಗಂಟೆಗೆ ಇಷ್ಟೆಂಬ ದರಪಟ್ಟಿಯನ್ನು, ಮುಂಗಡದ ಷರತ್ತಿನೊಡನೆ, ಪ್ರತ್ಯೇಕವಾಗಿ ಕಳುಹಿಸುತ್ತೇವೆ.

ಇತಿ ತಮ್ಮ ವಿಧೇಯರು,
ನಾಲ್ಕೂ ತಾಲ್ಲೂಕುಗಳ ಅನರ್ಹ ಅಭ್ಯರ್ಥಿಗಳು